ಗಾಣ ಸ್ಟಾರ್ಟ್ ಆದ್ರೆ ಪಕ್ಕದ ತೋಟದ ಪಂಪ್ ನಿಲ್ಲುತ್ತೆ

ಪ್ರಶ್ನೆ: ಮದ್ದೂರಿನ ಹತ್ತಿರ ನಮ್ಮ ಆಲೆಮನೆ ಇದೆ. ಗಾಣಕ್ಕೆ 20 ಎಚ್‌ಪಿ ಮೋಟರ್, ಡಿಒಎಲ್ ಸ್ಟಾರ್ಟರ್. ಟ್ರಾನ್ಸ್‌ಫಾರ್ಮರ್, ಅಂದರೆ ಟಿಸಿ, 63 ಕೆವಿಎ, ನಮ್ಮಲ್ಲಿಗೆ ಸುಮಾರು 200 ಮೀಟರ್ ದೂರ. ಸ್ಟಾರ್ಟ್ ಒತ್ತಿದ ಕೂಡಲೇ ಲೈಟು ಮಂಕಾಗುತ್ತೆ, ಸಂಜೆ ಹೊತ್ತು ಪಕ್ಕದ ತೋಟದ ಪಂಪೂ ನಿಂತುಹೋಗುತ್ತೆ. ಒಬ್ಬರು ಸ್ಟಾರ್ ಡೆಲ್ಟಾ ಹಾಕಿ ಅಂತಾರೆ, ಇನ್ನೊಬ್ಬರು ಸಾಫ್ಟ್ ಸ್ಟಾರ್ಟರ್, ಮತ್ತೊಬ್ಬರು ವಿಎಫ್‌ಡಿ. ಯಾವುದು ಸರಿ?

ಉತ್ತರ: ನಿಮ್ಮ ಮೋಟರ್ ಪೂರ್ತಿ ಲೋಡಿನಲ್ಲಿ ಎಳೆಯುವುದು ಸುಮಾರು 28 ಆಂಪಿಯರ್. ಡಿಒಎಲ್ ಸ್ಟಾರ್ಟರ್ ಲೈನಿನ ಪೂರ್ತಿ ವೋಲ್ಟೇಜನ್ನು ನೇರ ಮೋಟರಿಗೆ ಕೊಡುವುದರಿಂದ ಹೊರಡುವಾಗ ಅದರ ಆರು ಪಟ್ಟು, ಅಂದರೆ 168 ಆಂಪಿಯರ್ ಎಳೆಯುತ್ತದೆ. 63 ಕೆವಿಎ ಟಿಸಿಯ ಪೂರ್ತಿ ಸಾಮರ್ಥ್ಯವೇ 84 ಆಂಪಿಯರ್. ಕೆಲವು ಸೆಕೆಂಡು ನಿಮ್ಮೊಬ್ಬರ ಮೋಟರೇ ಅದರ ಎರಡರಷ್ಟು ಕೇಳುತ್ತಿದೆ.

ಈ ಕರೆಂಟಿಗೆ ಟಿಸಿಯೊಳಗೆ ಒಂದಿಷ್ಟು ವೋಲ್ಟ್ ಕಳೆದುಹೋಗುತ್ತದೆ. 200 ಮೀಟರ್ ತೆಳು ತಂತಿಯಲ್ಲಿ ಹೆಚ್ಚುಕಡಿಮೆ ಅಷ್ಟೇ ಮತ್ತೆ ಕಳೆಯುತ್ತದೆ. ಎರಡೂ ಸೇರಿದರೆ 415 ವೋಲ್ಟ್ ಇದ್ದದ್ದು 355ರ ಆಸುಪಾಸಿಗೆ ಬರುತ್ತದೆ. ಸಂಜೆ ಲೈನಿನಲ್ಲಿ ಮೊದಲೇ 370 ಇದ್ದರೆ 316ಕ್ಕೆ ಕುಸಿಯುತ್ತದೆ. ಪಕ್ಕದವರ ಪ್ಯಾನೆಲ್‌ನಲ್ಲಿ ಲೋ ವೋಲ್ಟೇಜ್ ಕಟ್ ಇದ್ದರೆ ಅದು ಪಂಪ್ ನಿಲ್ಲಿಸುವುದು ಸಹಜ. ತಪ್ಪು ಅವರ ಪಂಪಿನದಲ್ಲ.

ಹಾಗಂತ ಕರೆಂಟು ಕಡಿಮೆ ಮಾಡಿದರೆ ಮುಗಿಯಿತು ಅಂದುಕೊಳ್ಳಬೇಡಿ. ಕರೆಂಟಿನ ಜೊತೆ ಮೋಟರ್ ತಿರುಗಿಸುವ ಬಲವೂ, ಅಂದರೆ ಟಾರ್ಕೂ ಇಳಿಯುತ್ತದೆ. ಎಷ್ಟು ಇಳಿಯುತ್ತದೆ ಅನ್ನೋದರಲ್ಲೇ ಈ ಮೂರರ ವ್ಯತ್ಯಾಸ ಇರೋದು.

ಸ್ಟಾರ್ ಡೆಲ್ಟಾ ಮೋಟರಿನ ವೈಂಡಿಂಗನ್ನು ಮೊದಲು ಸ್ಟಾರ್ ಜೋಡಣೆಯಲ್ಲಿ ಹೊರಡಿಸಿ, ಟೈಮರ್ ಮುಗಿದ ಮೇಲೆ ಡೆಲ್ಟಾ ಜೋಡಣೆಗೆ ಬದಲಿಸುತ್ತದೆ. ಸ್ಟಾರ್‌ನಲ್ಲಿ ಲೈನ್ ಕರೆಂಟು ಮೂರರಲ್ಲಿ ಒಂದಾಗುತ್ತದೆ, ಟಾರ್ಕೂ ಮೂರರಲ್ಲಿ ಒಂದು. ನಿಮಗೆ 168 ಹೋಗಿ 56 ಆಂಪಿಯರ್. ಸಾಫ್ಟ್ ಸ್ಟಾರ್ಟರ್ ವೋಲ್ಟೇಜ್ ಇಳಿಸಿ ಕೆಲಸ ಮಾಡುತ್ತದೆ. ಅಲ್ಲಿ ಕರೆಂಟು ಅರ್ಧಕ್ಕೆ ಇಳಿದರೆ ಟಾರ್ಕ್ ಕಾಲು ಭಾಗಕ್ಕೆ ಬಂದುಬಿಡುತ್ತದೆ. ಸ್ಟಾರ್‌ನಷ್ಟೇ ಟಾರ್ಕ್ ಬೇಕೆಂದರೆ ಅದು 97 ಆಂಪಿಯರ್ ಎಳೆಯಲೇಬೇಕು. ದುಡ್ಡು ಜಾಸ್ತಿ ಕೊಟ್ಟು ವೋಲ್ಟೇಜ್ ಕುಸಿತವನ್ನೂ ಜಾಸ್ತಿ ಮಾಡಿಕೊಂಡಂತೆ, ಅಲ್ವಾ? ಸೆಂಟ್ರಿಫ್ಯೂಗಲ್ ಪಂಪಿಗಾದರೆ ನಾನೇ ಸಾಫ್ಟ್ ಸ್ಟಾರ್ಟರ್ ಹಾಕಿ ಅನ್ನುತ್ತಿದ್ದೆ. ಪಂಪು ಹೊರಡುವಾಗ ಹಗುರ, ನಿಲ್ಲಿಸುವಾಗ ಪೈಪಿನಲ್ಲಿ ನೀರು ಬಡಿಯುವುದೂ ತಪ್ಪುತ್ತದೆ. ಗಾಣಕ್ಕೆ ಬೇಡ.

ಗಾಣ ಖಾಲಿ ಇದ್ದಾಗ ಸ್ಟಾರ್ ಧಾರಾಳ ಸಾಕು. ಕಬ್ಬು ಕೊಡುವ ಮೊದಲೇ ಮೋಟರ್ ಪೂರ್ತಿ ವೇಗಕ್ಕೆ ಬಂದಿರುತ್ತದೆ. ತೊಂದರೆ ಬರುವುದು ಅರೆಯುತ್ತಿರುವಾಗ ಕರೆಂಟು ಹೋದರೆ. ರೋಲರ್ ನಡುವೆ ಕಬ್ಬು ಕಚ್ಚಿಕೊಂಡಿರುತ್ತದೆ. ಆಗ ಸ್ಟಾರ್‌ನಲ್ಲಿ ಗುಂಯ್ ಅನ್ನುತ್ತದೆ, ತಿರುಗುವುದಿಲ್ಲ. ಟೈಮರ್ ಮುಗಿದು ಡೆಲ್ಟಾಕ್ಕೆ ಬಿದ್ದ ಕೂಡಲೇ ಮತ್ತೆ ಅದೇ 168 ಆಂಪಿಯರ್. ಹಾಗಾಗಿ ಮೆಯಿನ್ ಆಫ್ ಮಾಡಿ, ಕಬ್ಬು ಬಿಡಿಸಿ, ಆಮೇಲೆ ಸ್ಟಾರ್ಟ್ ಮಾಡಿ. ಕರೆಂಟು ವಾಪಸ್ ಬಂದ ಕ್ಷಣದಲ್ಲಿ ಸುತ್ತಲಿನ ಆಟೋ ಸ್ಟಾರ್ಟರ್ ಪಂಪುಗಳೆಲ್ಲ ಒಟ್ಟಿಗೆ ಹೊರಡುತ್ತವೆ. ಎರಡು ನಿಮಿಷ ಕಾದರೆ ನಿಮಗೂ ಒಳ್ಳೆಯದು.

ಹೋದ ಸೀಸನ್‌ನಲ್ಲಿ ಒಂದು ಆಲೆಮನೆಯಲ್ಲಿ ಸ್ಟಾರ್ ಡೆಲ್ಟಾ ಹಾಕಿಸಿದ್ದರೂ ಲೈಟು ಮಂಕಾಗುತ್ತಿತ್ತು. ಲೈನಿಗೆ ಕರೆಂಟು ಅಳೆಯುವ ಟಾಂಗ್ ಟೆಸ್ಟರ್ ಹಾಕಿ ನೋಡಿದೆ. ಸ್ಟಾರ್‌ನಲ್ಲಿ 50ರ ಆಸುಪಾಸಿನಲ್ಲಿದ್ದ ಮುಳ್ಳು ಇಳಿಯುವ ಮೊದಲೇ ಡೆಲ್ಟಾ ಬಿದ್ದು 150 ದಾಟಿತು. ಟೈಮರ್ 3 ಸೆಕೆಂಡಿಗೆ ಇತ್ತು. 8ಕ್ಕೆ ಇಟ್ಟ ಮೇಲೆ ಮೋಟರ್ ಸದ್ದು ಏರಿ ಒಂದೇ ಸಮ ಆಯಿತು, ಮುಳ್ಳು ಇಳಿಯಿತು, ಆಮೇಲೆ ಬದಲಾಯಿತು. ಬದಲಾಗುವಾಗ ಕರೆಂಟು ಕ್ಷಣಕಾಲ ಎದ್ದರೂ ದೀಪ ಅಷ್ಟಾಗಿ ಅಲ್ಲಾಡಲಿಲ್ಲ. ನಿಮ್ಮ ಗಾಣಕ್ಕೆ ಎಷ್ಟು ಸೆಕೆಂಡು ಅನ್ನೋದನ್ನೂ ಹೀಗೇ ನೋಡಿ ಇಡಬೇಕು, ಅಂದಾಜಿನಲ್ಲಲ್ಲ.

ಖರೀದಿಗೆ ಮುಂಚೆ ಮೋಟರಿನ ಟರ್ಮಿನಲ್ ಬಾಕ್ಸ್ ತೆಗೆದು ನೋಡಿ. ಆರು ತಂತಿ ಹೊರಗೆ ಬಂದಿರಬೇಕು, ನೇಮ್ ಪ್ಲೇಟಿನಲ್ಲಿ 415 ವೋಲ್ಟ್ ಡೆಲ್ಟಾ ಅಂತ ಇರಬೇಕು. ಇನ್ನೊಂದು, ಓವರ್‌ಲೋಡ್ ರಿಲೇ ಮೆಯಿನ್ ಕಾಂಟ್ಯಾಕ್ಟರ್ ಕೆಳಗೆ ವೈಂಡಿಂಗ್ ಸಾಲಿನಲ್ಲಿದ್ದರೆ ಅದನ್ನು 28ಕ್ಕಲ್ಲ, 16 ಆಂಪಿಯರ್‌ಗೆ ಇಡಬೇಕು. ಬಹಳ ಕಡೆ 28ಕ್ಕೇ ಬಿಟ್ಟಿರುತ್ತಾರೆ. ಗಾಣ ಕಚ್ಚಿಕೊಂಡಾಗ ರಿಲೇ ಬೀಳುವ ಮೊದಲೇ ವೈಂಡಿಂಗ್ ಸುಟ್ಟಿರುತ್ತದೆ.

ಇನ್ನು ವಿಎಫ್‌ಡಿ. ಈ ಡ್ರೈವ್ ಮೋಟರಿಗೆ ಕೊಡುವ ಕರೆಂಟಿನ ಫ್ರೀಕ್ವೆನ್ಸಿಯನ್ನೇ ಸೊನ್ನೆಯ ಹತ್ತಿರದಿಂದ ನಿಧಾನಕ್ಕೆ ಏರಿಸುವುದರಿಂದ ಹೆಚ್ಚುಕಡಿಮೆ ಮಾಮೂಲಿ 28 ಆಂಪಿಯರ್‌ನಲ್ಲೇ ಪೂರ್ತಿ ಟಾರ್ಕ್ ಕೊಡುತ್ತದೆ. ಗಾಣದ ವೇಗವನ್ನೂ ಬೇಕಾದಂತೆ ಹೊಂದಿಸಬಹುದು. ದಿನಕ್ಕೆ ನಾಲ್ಕೈದು ಸಲ ಕರೆಂಟು ಹೋಗಿ ಕಬ್ಬು ಸಿಕ್ಕಿಕೊಳ್ಳುತ್ತದೆ ಅನ್ನುವಂತಿದ್ದರೆ ದುಡ್ಡು ಹಾಕಿ. ಆದರೆ ಪಂಪಿಗೆ ಮಾಡಿದ ಡ್ರೈವ್ ಬೇಡ, ಹೆವಿ ಡ್ಯೂಟಿ ರೇಟಿಂಗ್‌ನದೇ ಕೇಳಿ. ಕೊಪ್ಪರಿಗೆಯ ಒಲೆಯ ಶಾಖ, ಸಿಪ್ಪೆಯ ಧೂಳು ತಾಗದ ಬೇರೆ ಕೋಣೆಯಲ್ಲಿ ಅದನ್ನು ಕೂರಿಸಬೇಕು. ಲೈನ್ ವೋಲ್ಟೇಜ್ ತೀರಾ ಬಿದ್ದರೆ ಡ್ರೈವೂ ಟ್ರಿಪ್ ಆಗುತ್ತದೆ.

ನೀವು ಬರೆದಿರುವಷ್ಟರ ಮೇಲೆ ಹೇಳುವುದಾದರೆ, ಈಗ ಸ್ಟಾರ್ ಡೆಲ್ಟಾ ಹಾಕಿಸಿ. ಹಾಕಿದ ಮೇಲೂ ಸಂಜೆ ಪಕ್ಕದವರ ಪಂಪ್ ನಿಂತರೆ, ಗಾಣ ನಿಲ್ಲಿಸಿಯೇ ಲೈನ್ ವೋಲ್ಟೇಜ್ ಅಳೆಯಿರಿ. ಆಗಲೂ 350ಕ್ಕಿಂತ ಕೆಳಗಿದ್ದರೆ ಸ್ಟಾರ್ಟರ್ ಬದಲಿಸಿ ಪ್ರಯೋಜನವಿಲ್ಲ. ಇಬ್ಬರೂ ಸೇರಿ ಟಿಸಿಯ ಲೋಡು, ಲೈನಿನ ತಂತಿ ನೋಡಿಸಲು ಅರ್ಜಿ ಕೊಡಿ.