ಡೈಲ್ಯೂಟೆಡ್ ಇಪಿಎಸ್ 7.69 ಅಲ್ಲ, 9.03 ಯಾಕೆ?

ಪ್ರಶ್ನೆ: ಒಂದು ಕಂಪನಿಯ ನಿವ್ವಳ ಲಾಭ 10 ಕೋಟಿ ರೂಪಾಯಿ, ಷೇರು 1 ಕೋಟಿ, ಬೇಸಿಕ್ ಇಪಿಎಸ್ 10. ಉದ್ಯೋಗಿಗಳ ಕೈಯಲ್ಲಿ 10 ಲಕ್ಷ ಸ್ಟಾಕ್ ಆಪ್ಷನ್ ಇವೆ, 20 ಲಕ್ಷ ಷೇರಾಗಬಲ್ಲ ಕನ್ವರ್ಟಿಬಲ್ ಬಾಂಡ್ ಕೂಡ ಇದೆ. 1.30 ಕೋಟಿಯಿಂದ ಭಾಗಿಸಿದರೆ ನನಗೆ 7.69 ಬರುತ್ತದೆ, ವರದಿಯಲ್ಲಿ ಡೈಲ್ಯೂಟೆಡ್ ಇಪಿಎಸ್ 9.03 ಅಂತಿದೆ. ಯಾವುದು ಸರಿ?

ವರದಿಯದ್ದೇ ಸರಿ. ಇಪಿಎಸ್ ಅಂದರೆ ಒಂದು ಷೇರಿಗೆ ಬೀಳುವ ಲಾಭ, ಮುಂದೆ ಷೇರಾಗಬಲ್ಲವನ್ನೂ ಸೇರಿಸಿ ಲೆಕ್ಕ ಹಾಕಿದರೆ ಅದು ಡೈಲ್ಯೂಟೆಡ್ ಇಪಿಎಸ್. ನೀವು ಷೇರುಗಳನ್ನು ಕೂಡಿಸಿದಿರಿ, ಆದರೆ ಆ ಷೇರುಗಳ ಜೊತೆಗೆ ಕಂಪನಿಗೆ ಏನು ಬರುತ್ತದೆ, ಏನು ಉಳಿಯುತ್ತದೆ ಅನ್ನುವುದು ಲೆಕ್ಕದಿಂದ ಬಿಟ್ಟುಹೋಗಿದೆ. ಆಪ್ಷನ್ ಬಳಸಿ ಷೇರು ಕೊಳ್ಳಲು ಉದ್ಯೋಗಿ ಕಟ್ಟುವ ಎಕ್ಸರ್ಸೈಜ್ ಬೆಲೆ, ಬಾಂಡ್‌ನ ಬಡ್ಡಿ ದರ ನೀವು ಬರೆದಿಲ್ಲ. ಹಾಗಾಗಿ 9.03ಕ್ಕೆ ಹೊಂದುವ ಅಂಕಿಗಳನ್ನು ನಾನೇ ಇಟ್ಟುಕೊಂಡು ಹೇಳುತ್ತೇನೆ. ನಿಮ್ಮ ವರದಿಯಲ್ಲಿರುವುದನ್ನು ಅದೇ ಜಾಗಕ್ಕೆ ಹಾಕಿಕೊಳ್ಳಿ.

ಮೊದಲು ಆಪ್ಷನ್. ಎಕ್ಸರ್ಸೈಜ್ ಬೆಲೆ 60 ರೂಪಾಯಿ, ಆ ಅವಧಿಯ ಸರಾಸರಿ ಮಾರುಕಟ್ಟೆ ಬೆಲೆ 100 ಅಂದುಕೊಳ್ಳಿ. ಉದ್ಯೋಗಿಗಳು ಷೇರನ್ನು ಪುಕ್ಕಟೆ ಪಡೆಯುವುದಿಲ್ಲ, 10 ಲಕ್ಷ ಷೇರಿಗೆ 6 ಕೋಟಿ ಕಟ್ಟುತ್ತಾರೆ. ಆ ದುಡ್ಡಿನಲ್ಲಿ ಕಂಪನಿ ಮಾರುಕಟ್ಟೆಯಿಂದಲೇ ತಲಾ 100ರಂತೆ 6 ಲಕ್ಷ ಷೇರು ವಾಪಸ್ ಕೊಂಡಿತು ಎಂದು ಲೆಕ್ಕದಲ್ಲಿ ಊಹಿಸುತ್ತಾರೆ. ಇದೇ ಟ್ರೆಷರಿ ಸ್ಟಾಕ್ ವಿಧಾನ. ಹೀಗಾಗಿ ನಿಜವಾಗಿ ಹೆಚ್ಚಾಗುವುದು 4 ಲಕ್ಷ ಷೇರು ಮಾತ್ರ. 10 ಕೋಟಿಯನ್ನು 1.04 ಕೋಟಿಯಿಂದ ಭಾಗಿಸಿದರೆ 9.62.

ಇಲ್ಲಿ ಒಂದು ಸೂಕ್ಷ್ಮವಿದೆ, ಬಹಳ ಜನ ಗಮನಿಸುವುದೇ ಇಲ್ಲ. ಕಂಪನಿ ಒಂದೂ ಹೊಸ ಆಪ್ಷನ್ ಕೊಡದಿದ್ದರೂ, ಲಾಭ ಅಷ್ಟೇ ಇದ್ದರೂ, ಷೇರಿನ ಬೆಲೆ ಏರಿದರೆ ಸಾಕು, ಡೈಲ್ಯೂಷನ್, ಅಂದರೆ ಇಪಿಎಸ್‌ನ ಇಳಿಕೆ, ಹೆಚ್ಚುತ್ತದೆ. ಸರಾಸರಿ ಬೆಲೆ 150 ಆಯಿತೆನ್ನಿ. ಅದೇ 6 ಕೋಟಿಗೆ ಈಗ 4 ಲಕ್ಷ ಷೇರಷ್ಟೇ ಸಿಗುತ್ತದೆ, 6 ಲಕ್ಷ ಹೆಚ್ಚುವರಿ ಉಳಿಯುತ್ತದೆ, ಆಪ್ಷನ್ ಮಟ್ಟಿಗೆ ಇಪಿಎಸ್ 9.43ಕ್ಕೆ ಇಳಿಯುತ್ತದೆ. ಸರಾಸರಿ ಬೆಲೆ 60ರ ಕೆಳಗೆ ಬಿದ್ದರೆ ಆಪ್ಷನ್‌ಗಳು ಲೆಕ್ಕದಿಂದಲೇ ಮಾಯ. ಹಾಗಂತ ಅವು ರದ್ದಾಗಿರುವುದಿಲ್ಲ, ಸರಾಸರಿ ಬೆಲೆ ಮೇಲೆದ್ದಾಗ ಮತ್ತೆ ಬರುತ್ತವೆ. ಇನ್ನೂ ವೆಸ್ಟ್ ಆಗದ, ಅಂದರೆ ಬಳಸುವ ಹಕ್ಕು ಇನ್ನೂ ಪಕ್ಕಾ ಆಗದ ಉದ್ಯೋಗಿ ಆಪ್ಷನ್ ಆದರೆ, ಮುಂದೆ ಖರ್ಚಾಗಿ ಬರೆಯಬೇಕಿರುವ ಅದರ ವೆಚ್ಚವನ್ನೂ ಬರುವ ಹಣಕ್ಕೆ ಸೇರಿಸುತ್ತಾರೆ. ಆಗ ಡೈಲ್ಯೂಷನ್ ಇನ್ನಷ್ಟು ಕಡಿಮೆ ಕಾಣುತ್ತದೆ.

ಬಾಂಡ್‌ಗೆ ಲೆಕ್ಕದ ದಾರಿಯೇ ಬೇರೆ, ಅದನ್ನು ಇಫ್ ಕನ್ವರ್ಟೆಡ್ ವಿಧಾನ ಅನ್ನುತ್ತಾರೆ. 20 ಕೋಟಿಯ ಬಾಂಡ್, ಬಡ್ಡಿ 8%, ತೆರಿಗೆ 25% ಎಂದಿಟ್ಟುಕೊಳ್ಳಿ. ವರ್ಷದ ಆರಂಭದಲ್ಲೇ ಷೇರಾಗಿದ್ದರೆ 1.6 ಕೋಟಿ ಬಡ್ಡಿ ಕೊಡಬೇಕಿರಲಿಲ್ಲ. ಅದರ ಮೇಲಿನ ತೆರಿಗೆ ಉಳಿತಾಯವೂ ಇರುತ್ತಿರಲಿಲ್ಲ. ಹಾಗಾಗಿ ಲಾಭಕ್ಕೆ ಸೇರುವುದು 1.2 ಕೋಟಿ. ಈ 1.2 ಕೋಟಿಯನ್ನು ಹೊಸ 20 ಲಕ್ಷ ಷೇರಿಗೆ ಹಂಚಿದರೆ ಷೇರಿಗೆ 6 ರೂಪಾಯಿ. ಇದು 9.62ಕ್ಕಿಂತ ಕಡಿಮೆ, ಅಂದರೆ ಬಾಂಡ್ ಸರಾಸರಿಯನ್ನು ಕೆಳಗೆ ಎಳೆಯುತ್ತದೆ. ಲಾಭ 11.2 ಕೋಟಿ, ಷೇರು 1.24 ಕೋಟಿ, ಉತ್ತರ 9.03. ಬಾಂಡ್ ವರ್ಷದ ನಡುವೆ ಬಿಡುಗಡೆಯಾಗಿದ್ದರೆ ಬಡ್ಡಿಯನ್ನೂ ಷೇರನ್ನೂ ಆ ದಿನದಿಂದಷ್ಟೇ ಲೆಕ್ಕ ಹಿಡಿಯಬೇಕು.

ಆ 6 ರೂಪಾಯಿಯ ಪರೀಕ್ಷೆಯನ್ನು ಬಿಟ್ಟು ಮುಂದೆ ಹೋಗಬೇಡಿ. ಅದೇ ಬಾಂಡ್ 10 ಲಕ್ಷ ಷೇರಿಗೆ ಮಾತ್ರ ಪರಿವರ್ತನೆಯಾಗುವಂತಿದ್ದರೆ ಷೇರಿಗೆ 12 ರೂಪಾಯಿ ಬರುತ್ತಿತ್ತು. ಸೇರಿಸಿ ನೋಡಿ: 11.2 ಕೋಟಿಯನ್ನು 1.14 ಕೋಟಿಯಿಂದ ಭಾಗಿಸಿದರೆ 9.82, ಅಂದರೆ ಇಪಿಎಸ್ ಏರಿಬಿಡುತ್ತದೆ. ಇಂಥದ್ದನ್ನು ಆಂಟಿ ಡೈಲ್ಯೂಟಿವ್ ಎಂದು ಇಪಿಎಸ್ ಲೆಕ್ಕದ ಅಂತರರಾಷ್ಟ್ರೀಯ ಮಾನದಂಡವಾದ ಐಎಎಸ್ 33 ಹೊರಗಿಡುತ್ತದೆ. ಆಗ ವರದಿಯಲ್ಲಿ ನಿಲ್ಲುವುದು 9.62. ಅತಿ ಹೆಚ್ಚು ಡೈಲ್ಯೂಟ್ ಮಾಡುವುದನ್ನು ಮೊದಲು ಸೇರಿಸಿ, ಒಂದೊಂದಾಗಿ ಮುಂದೆ ಹೋಗಬೇಕು ಅನ್ನುವ ನಿಯಮ ಇರುವುದೂ ಇದಕ್ಕೇ. ಲಾಭಕ್ಕೆ ಏನನ್ನೂ ಸೇರಿಸದ ಆಪ್ಷನ್‌ಗಳಿಗೆ ಮೊದಲ ಸರದಿ ಸಿಕ್ಕಿದ್ದು ಹಾಗೆ.

ನಷ್ಟದ ವರ್ಷದಲ್ಲಿ ಮಾತ್ರ ಈ ಅಂಕಿಯನ್ನು ನಾನು ನಂಬುವುದಿಲ್ಲ. ಮುಂದುವರಿಯುವ ವ್ಯವಹಾರದಲ್ಲೇ ನಷ್ಟವಾಗಿದ್ದರೆ ಷೇರು ಹೆಚ್ಚಿದಷ್ಟೂ ತಲಾ ನಷ್ಟ ಕಡಿಮೆ ಕಾಣುತ್ತದೆ. ಆದ್ದರಿಂದ ಇಂಥ ಆಪ್ಷನ್, ಬಾಂಡ್‌ಗಳೆಲ್ಲ ಆಂಟಿ ಡೈಲ್ಯೂಟಿವ್ ಆಗಿ ಹೊರಬೀಳುತ್ತವೆ, ಬೇಸಿಕ್ ಮತ್ತು ಡೈಲ್ಯೂಟೆಡ್ ಒಂದೇ ಆಗುತ್ತವೆ. ರಾಶಿ ರಾಶಿ ಆಪ್ಷನ್ ಹಂಚಿರುವ ಕಂಪನಿಯೂ ಡೈಲ್ಯೂಷನ್ನೇ ಇಲ್ಲದಂತೆ ತೋರುತ್ತದೆ. ಆಗ ಇಪಿಎಸ್ ಟಿಪ್ಪಣಿ ತೆರೆದು, ಆಂಟಿ ಡೈಲ್ಯೂಟಿವ್ ಎಂದು ಲೆಕ್ಕದಿಂದ ಹೊರಗಿಟ್ಟವು ಯಾವುವು ಎಂದು ನೋಡಿ. ನಂತರ ಉದ್ಯೋಗಿ ಆಪ್ಷನ್‌ಗಳ ಟಿಪ್ಪಣಿಗೆ ಹೋಗಿ ಬಾಕಿ ಇರುವ ಸಂಖ್ಯೆ ಮತ್ತು ಎಕ್ಸರ್ಸೈಜ್ ಬೆಲೆಗಳನ್ನು ತೆಗೆದುಕೊಂಡು, ಕಂಪನಿ ಲಾಭಕ್ಕೆ ಬಂದರೆ ಎಷ್ಟು ಷೇರು ಸೇರಬಹುದೆಂದು ಮೇಲಿನ ಕ್ರಮದಲ್ಲೇ ಲೆಕ್ಕ ಹಾಕಿಕೊಳ್ಳಿ.