ಅತ್ತೆ ಒಳಗೆ ಬಂದರೋ, ಹೋದರೋ?

ಓದುಗರ ಪತ್ರ

ಸಂಪಾದಕರಿಗೆ ನಮಸ್ಕಾರ. ನನ್ನ ಮಗಳ ಪರೀಕ್ಷೆಯಲ್ಲಿ ಈ ಅಪಠಿತ ಗದ್ಯ ಬಂದಿತ್ತು:

“ಶಾಂತಾ ಬಾಗಿಲು ತೆರೆದಳು. ಅತ್ತೆ ಒಳಗೆ ಬಂದರು. ಕೈಯಲ್ಲಿ ಅದೇ ಹಳೆಯ ಚೀಲ. ನಾಳೆ ಹೊರಟುಬಿಡುತ್ತಾರಂತೆ. ಹೋದ ಸಲವೂ ಹೀಗೇ ಅಂದು ಹದಿನೈದು ದಿನ ಇರಲಿಲ್ಲವೇ! ಅತ್ತೆ ಮುಖ ಗಂಟು ಹಾಕಿಕೊಂಡಂತಿತ್ತು. ಮನೆ ಗುಡಿಸಿರಲಿಲ್ಲ, ಅದು ಕಣ್ಣಿಗೆ ಬಿದ್ದಿರಬೇಕು. ತಾನು ಬೆಳಗಿನಿಂದ ಜ್ವರದಲ್ಲಿ ಮಲಗಿದ್ದೆ ಎಂದು ಹೇಳಬೇಕು ಅನಿಸಿತು. ಹೇಳಲಿಲ್ಲ. ಅತ್ತೆ ಚೀಲದಿಂದ ಡಬ್ಬಿಯೊಂದನ್ನು ತೆಗೆದು ಮೇಜಿನ ಮೇಲಿಟ್ಟರು. ನಿಂಬೆಕಾಯಿ ಉಪ್ಪಿನಕಾಯಿ. ‘ಜ್ವರ ಬಂದ ಬಾಯಿಗೆ ಇದೇ ಸರಿ’ ಅಂದರು.”

ಇದು ಯಾರ ದೃಷ್ಟಿಕೋನ, ಓದುಗರ ಮೇಲೆ ಅದರ ಪರಿಣಾಮವೇನು ಎಂಬುದು ಪ್ರಶ್ನೆ. ‘ನಾನು’ ಎಂದಿಲ್ಲ, ಶಾಂತಾಳ ಮನಸ್ಸಿನ ಮಾತೂ ಕಥೆಗಾರನಿಗೆ ಗೊತ್ತು, ಆದ್ದರಿಂದ ಸರ್ವಜ್ಞ ನಿರೂಪಣೆ ಎಂದು ಬರೆದಳು. ಅಂಕ ಬರಲಿಲ್ಲ. ಶಾಂತಾಳ ದೃಷ್ಟಿ ಎಂದು ಬರೆಯಬೇಕಿತ್ತಂತೆ. ಇದನ್ನು ಗುರುತಿಸುವುದು ಹೇಗೆ? ಅತ್ತೆಗೆ ಜ್ವರದ ವಿಷಯ ಹೇಳಿದ್ದು ಯಾರು ಎಂದೂ ಮಗಳು ಕೇಳುತ್ತಿದ್ದಾಳೆ.

ಸಂಪಾದಕರ ಉತ್ತರ

ನಿಮ್ಮ ಮಗಳು ಅರ್ಧ ದಾರಿ ಸರಿಯಾಗಿಯೇ ಹೋಗಿದ್ದಾಳೆ. ಕಥೆಗಾರನಿಗೆ ಶಾಂತಾಳ ಮನಸ್ಸು ಗೊತ್ತು ಎಂದು ಗಮನಿಸಿದಳಲ್ಲ, ಅದು ಸರಿ. ಅಲ್ಲಿಂದ ಇನ್ನೊಂದು ಹೆಜ್ಜೆ ಇಡಬೇಕಿತ್ತು. ಹಾಗಾದರೆ ಅತ್ತೆಯ ಮನಸ್ಸು ಅವನಿಗೆ ಗೊತ್ತಿದೆಯೇ?

ಎರಡು ವಾಕ್ಯಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಶಾಂತಾಳ ಬಗ್ಗೆ “ಹೇಳಬೇಕು ಅನಿಸಿತು” ಎಂದಿದೆ. ಅತ್ತೆಯ ಬಗ್ಗೆ “ಮುಖ ಗಂಟು ಹಾಕಿಕೊಂಡಂತಿತ್ತು”, “ಕಣ್ಣಿಗೆ ಬಿದ್ದಿರಬೇಕು” ಎಂದಿದೆ. ಒಬ್ಬರ ಮನಸ್ಸು ಖಚಿತ, ಇನ್ನೊಬ್ಬರದು ಊಹೆ. ಎಲ್ಲ ಬಲ್ಲ ಕಥೆಗಾರ ಊಹಿಸಬೇಕಾದ ಅಗತ್ಯ ಏನಿದೆ? ಅತ್ತೆಗೆ ಅಸಮಾಧಾನ ಆಯಿತು ಅಥವಾ ಆಗಲಿಲ್ಲ ಎಂದು ನೇರವಾಗಿ ಹೇಳಬಹುದಿತ್ತು. ‘ಅಂತಿತ್ತು’, ‘ಇರಬೇಕು’ ಬಂದ ಕಡೆಯಲ್ಲೆಲ್ಲ ಊಹಿಸುತ್ತಿರುವವರು ಒಬ್ಬರು ಇರಲೇಬೇಕು. ಇಲ್ಲಿ ಅದು ಬಾಗಿಲ ಹತ್ತಿರ ನಿಂತು ಅತ್ತೆಯ ಮುಖ ಓದುತ್ತಿರುವ ಸೊಸೆ. ಒಬ್ಬರ ಮನಸ್ಸು ಬಲ್ಲವನನ್ನು ಸರ್ವಜ್ಞ ಎನ್ನಲಾಗದು.

ಗೊಂದಲಕ್ಕೆ ಮೂಲ ಎಲ್ಲಿದೆ ಎಂದರೆ, ನಾವು ಎರಡು ಪ್ರಶ್ನೆಗಳನ್ನು ಒಂದೇ ಮಾಡಿಕೊಳ್ಳುತ್ತೇವೆ. ಮಾತಾಡುತ್ತಿರುವವರು ಯಾರು? ನೋಡುತ್ತಿರುವವರು ಯಾರು? ಫ್ರಾನ್ಸಿನ ಸಾಹಿತ್ಯ ವಿಮರ್ಶಕ ಜೆರಾರ್ ಜೆನೆಟ್ 1972ರಲ್ಲಿ ಇವೆರಡನ್ನು ಬಿಡಿಸಿ ತೋರಿಸಿದರು. ನಿಮ್ಮ ಗದ್ಯದಲ್ಲಿ ಮಾತು ಹೊರಗಿನ ನಿರೂಪಕನದು, ಕಣ್ಣು ಶಾಂತಾಳದು. ಸರ್ವನಾಮ ನೋಡಿದರೆ ಸಿಗುವುದು ಮೊದಲ ಪ್ರಶ್ನೆಗೆ ಉತ್ತರ ಮಾತ್ರ. ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ನಮ್ಮ ವ್ಯಾಕರಣದಲ್ಲಿ ‘ನಾನು’ ಉತ್ತಮ ಪುರುಷ, ‘ಅವಳು’ ಪ್ರಥಮ ಪುರುಷ. ಇಂಗ್ಲಿಷಿನ ‘ಫಸ್ಟ್ ಪರ್ಸನ್’ ಅನ್ನು ಪ್ರಥಮ ಪುರುಷ ಎಂದು ಬರೆದರೆ ಅರ್ಥ ತಿರುಗುಮುರುಗಾಗುತ್ತದೆ. ಉತ್ತರ ಪತ್ರಿಕೆಯಲ್ಲಿ ಇದೊಂದು ಜೋಪಾನ.

ನೋಡುವವರನ್ನು ಹಿಡಿಯಲು ಕನ್ನಡ ನಮಗೆ ತುಂಬ ಒಳ್ಳೆಯ ಸುಳಿವುಗಳನ್ನು ಕೊಟ್ಟಿದೆ. ಎರಡನೇ ವಾಕ್ಯವನ್ನೇ ನೋಡಿ. “ಅತ್ತೆ ಒಳಗೆ ಬಂದರು.” ‘ಹೋದರು’ ಎಂದಿಲ್ಲ. ಬೀದಿಯಲ್ಲಿ ನಿಂತು ನೋಡುವವರಿಗೆ ಅವರು ಒಳಗೆ ಹೋದರು. ಮನೆಯೊಳಗೆ ಇರುವವರಿಗೆ ಬಂದರು. ನಾವು ಎಲ್ಲಿ ನಿಂತಿದ್ದೇವೆ ಎಂದು ಆ ಒಂದೇ ಕ್ರಿಯಾಪದ ಹೇಳುತ್ತಿದೆ. ಆಮೇಲೆ, ಆಕೆ ಯಾರಿಗೆ ಅತ್ತೆ? ಕಥೆಗಾರನಿಗಂತೂ ಅಲ್ಲ, ಅಲ್ವಾ? ಶಾಂತಾ ಕರೆಯುವ ಹಾಗೆಯೇ ಕಥೆಯೂ ಅವರನ್ನು ಕರೆಯುತ್ತಿದೆ, ಅವಳು ಕೊಡುವ ಬಹುವಚನವನ್ನೇ ಕೊಡುತ್ತಿದೆ. ಶಾಂತಾಳಿಗೆ ಮಾತ್ರ ‘ತೆರೆದಳು’ ಎಂಬ ಏಕವಚನ. ಅತ್ತೆ ಸೊಸೆ ಇಬ್ಬರನ್ನೂ ಹೆಸರಿನಿಂದ ಕರೆದು ಒಂದೇ ಅಳತೆಯಲ್ಲಿ ನಡೆಸಿಕೊಂಡಿದ್ದರೆ ಕಥೆ ಇಬ್ಬರಿಂದಲೂ ಸಮ ದೂರದಲ್ಲಿ ನಿಂತಿದೆ ಎನ್ನಬಹುದಿತ್ತು. ಆದರೆ ಬಹುವಚನ ಒಂದನ್ನೇ ನಂಬಬೇಡಿ. ಹಿರಿಯರ ಬಗ್ಗೆ ಬರೆಯುವಾಗ ಹೊರಗಿನ ನಿರೂಪಕರೂ ಅದನ್ನು ಬಳಸುತ್ತಾರೆ. ಸಂಬಂಧಸೂಚಕ ಪದದ ಜೊತೆ ಸೇರಿದಾಗ ಅದಕ್ಕೆ ಬಲ ಬರುತ್ತದೆ.

“ನಾಳೆ ಹೊರಟುಬಿಡುತ್ತಾರಂತೆ” ಎಂಬ ವಾಕ್ಯವೂ ಹಾಗೇ. ‘ಅಂತೆ’ ಎನ್ನುವವರು ಕೇಳಿಸಿಕೊಂಡವರು. ಅಲ್ಲಿ ಅತ್ತೆಯ ಮಾತನ್ನು ಕೇಳಿಸಿಕೊಂಡವಳು ಶಾಂತಾ ಒಬ್ಬಳೇ. ‘ನಾಳೆ’ ಕೂಡ ಅವಳ ನಾಳೆಯೇ. ಹೊರಗೆ ನಿಂತು ಹೇಳುವ ಕಥೆಗಾರನಾದರೆ ‘ಮರುದಿನವೇ ಹೊರಡುವುದಾಗಿ ಹೇಳಿದರು’ ಎನ್ನುತ್ತಿದ್ದ. ಮುಂದಿನ ವಾಕ್ಯದ ಕೊನೆಯಲ್ಲಿ “ಇರಲಿಲ್ಲವೇ!” ಎಂಬ ಉದ್ಗಾರ ಇದೆ. ‘ಎಂದುಕೊಂಡಳು’ ಎಂದು ಎಲ್ಲೂ ಇಲ್ಲ, ಉದ್ಧರಣ ಚಿಹ್ನೆಯೂ ಇಲ್ಲ. ಅವಳ ಮನಸ್ಸಿನ ಗೊಣಗು ಸದ್ದಿಲ್ಲದೆ ಕಥೆಗಾರನ ವಾಕ್ಯದೊಳಗೆ ಸೇರಿಕೊಂಡಿದೆ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು “ತಾನು ಬೆಳಗಿನಿಂದ ಜ್ವರದಲ್ಲಿ ಮಲಗಿದ್ದೆ” ಎಂಬ ತುಣುಕು. ಕ್ರಿಯಾಪದ ಗಮನಿಸಿ. ‘ಅವಳು ಮಲಗಿದ್ದೆ’ ಎನ್ನಲು ಆಗುವುದಿಲ್ಲ, ‘ಅವಳು ಮಲಗಿದ್ದಳು’ ಎನ್ನಬೇಕು. ಆದರೆ ‘ತಾನು ಮಲಗಿದ್ದೆ ಎಂದು’ ಎಂಬುದು ಸಲೀಸಾಗಿ ಬರುತ್ತದೆ. ‘ಮಲಗಿದ್ದೆ’ ಎಂಬುದು ‘ನಾನು’ ಬಯಸುವ ರೂಪ. ಅಂದರೆ ಸರ್ವನಾಮ ಕಥೆಗಾರನ ಕಡೆಯಿಂದ ಬಂದಿದೆ, ಕ್ರಿಯಾಪದ ಶಾಂತಾಳ ಬಾಯಿಂದ. ಅದೇ ಜಾಗದಲ್ಲಿ ‘ಅವಳು’ ಹಾಕಿ ಓದಿದರೆ ಹೊರಗಿನಿಂದ ಕೊಟ್ಟ ವರದಿಯಾಗುತ್ತದೆ. ‘ತಾನು’ ಇದ್ದಾಗ ಅವಳು ತನ್ನ ಬಗ್ಗೆ ತಾನೇ ಯೋಚಿಸುತ್ತಿದ್ದಾಳೆ. ಕಥೆಗಳಲ್ಲಿ ‘ತಾನು’, ‘ತನ್ನ’, ‘ತನಗೆ’ ಕಂಡರೆ ಅದು ಯಾರ ಕಡೆ ಕೈ ತೋರಿಸುತ್ತಿದೆ ನೋಡಿ. ಹೆಚ್ಚಿನ ಸಲ ಕಣ್ಣು ಅವರದೇ ಆಗಿರುತ್ತದೆ.

ಈಗ ಒಂದು ಪರೀಕ್ಷೆ. ಫ್ರಾನ್ಸಿನ ಇನ್ನೊಬ್ಬ ವಿಮರ್ಶಕ ರೋಲಾಂ ಬಾರ್ತ್ 1966ರ ಒಂದು ಪ್ರಬಂಧದಲ್ಲಿ ಸೂಚಿಸಿದ ಉಪಾಯ ಇದು. ಗದ್ಯವನ್ನು ‘ನಾನು’ ಹಾಕಿ ಮತ್ತೆ ಬರೆಯಿರಿ. “ನಾನು ಬಾಗಿಲು ತೆರೆದೆ. ಅತ್ತೆ ಒಳಗೆ ಬಂದರು. ಮುಖ ಗಂಟು ಹಾಕಿಕೊಂಡಂತಿತ್ತು. ಬೆಳಗಿನಿಂದ ಜ್ವರದಲ್ಲಿ ಮಲಗಿದ್ದೆ ಎಂದು ಹೇಳಬೇಕು ಅನಿಸಿತು.” ಎಲ್ಲೂ ಎಡವುವುದಿಲ್ಲ. ಈಗ ಅತ್ತೆಯನ್ನು ‘ನಾನು’ ಮಾಡಿ. “ನಾನು ಮುಖ ಗಂಟು ಹಾಕಿಕೊಂಡಂತಿತ್ತು. ಅದು ನನ್ನ ಕಣ್ಣಿಗೆ ಬಿದ್ದಿರಬೇಕು.” ತನ್ನ ಕಣ್ಣಿಗೆ ಬಿದ್ದದ್ದನ್ನು ಯಾರಾದರೂ ಹೀಗೆ ಊಹಿಸುತ್ತಾರೆಯೇ? ವಾಕ್ಯ ಮುರಿದುಬಿತ್ತು. ಕಣ್ಣು ಅತ್ತೆಯದಲ್ಲ ಎಂದು ಗೊತ್ತಾಯಿತು.

ಈ ಪರೀಕ್ಷೆಗೂ ಮಿತಿ ಇದೆ. “ಶಾಂತಾ ಬಾಗಿಲು ತೆರೆದಳು” ಎಂಬ ಮೊದಲ ವಾಕ್ಯ ಯಾವ ದೃಷ್ಟಿಕೋನಕ್ಕೂ ಒಗ್ಗುತ್ತದೆ. ಅದೊಂದನ್ನೇ ಓದಿ ತೀರ್ಮಾನಕ್ಕೆ ಬಂದರೆ ತಪ್ಪಾಗುತ್ತದೆ. ಗದ್ಯದ ನಡುವೆ “ಜ್ವರಕ್ಕೆ ಅವಳ ಕಣ್ಣು ಕೆಂಪಾಗಿದ್ದವು” ಎಂದು ಬಂದಿದ್ದರೆ? ತನ್ನ ಕಣ್ಣು ಅವಳಿಗೆ ಕಾಣದು. ಆ ಒಂದು ವಾಕ್ಯದ ಮಟ್ಟಿಗೆ ಕಥೆ ಅವಳಿಂದ ಹೊರಗೆ ಬಂದಿರುತ್ತಿತ್ತು. ಮುಂದಿನ ಪುಟದಲ್ಲಿ ಅತ್ತೆಯ ಮನಸ್ಸೂ ತೆರೆದುಕೊಂಡರೆ ಇಡೀ ಕಥೆ ಸರ್ವಜ್ಞ ನಿರೂಪಣೆಯದೇ ಆಗಬಹುದು. ಅದಕ್ಕೇ ಉತ್ತರದಲ್ಲಿ ‘ಈ ಭಾಗದಲ್ಲಿ’ ಎಂಬ ಮಾತು ಸೇರಿಸುವುದು ಒಳ್ಳೆಯದು.

ಇನ್ನು ಪರಿಣಾಮದ ವಿಷಯ. ‘ಓದುಗರಿಗೆ ಪಾತ್ರ ಹತ್ತಿರವಾಗುತ್ತದೆ’ ಎಂದು ಬಹಳಷ್ಟು ಮಕ್ಕಳು ಬರೆಯುತ್ತಾರೆ. ತಪ್ಪಲ್ಲ, ಆದರೆ ಅದು ಯಾವ ಗದ್ಯಕ್ಕೂ ಹೊಂದುವ ಮಾತು. ನಾನು ಬೇರೆ ರೀತಿ ಕೇಳಿಕೊಳ್ಳುತ್ತೇನೆ. ಈ ಕಣ್ಣಿನಿಂದ ನೋಡಿದ್ದರಿಂದ ನನಗೆ ಏನು ಕಾಣಲಿಲ್ಲ? ಕಾಣದ್ದರಿಂದ ನಾನು ಏನನ್ನು ನಂಬಿದೆ? ಯಾವ ಸಾಲಿನಲ್ಲಿ ಆ ನಂಬಿಕೆ ಕಳಚಿತು?

ಇಲ್ಲಿ ನಮಗೆ ಕಾಣದ್ದು ಅತ್ತೆಯ ಮನಸ್ಸು. ಆದ್ದರಿಂದ ಅವರು ಗುಡಿಸದ ಮನೆ ನೋಡಿ ಸಿಟ್ಟಾಗಿದ್ದಾರೆ ಎಂದು ಶಾಂತಾಳ ಜೊತೆ ನಾವೂ ನಂಬಿದೆವು. ಉಪ್ಪಿನಕಾಯಿಯ ಸಾಲು ಬಂದಾಗ ಅವರಿಗೆ ಜ್ವರದ ವಿಷಯ ಗೊತ್ತಿತ್ತು ಎಂದು ತಿಳಿಯುತ್ತದೆ. ಆ ಗಂಟುಮುಖ ಚಿಂತೆಯದಾಗಿತ್ತೇನೋ. ತಪ್ಪು ತಿಳಿದವಳು ಶಾಂತಾ ಮಾತ್ರವಲ್ಲ, ನಾವೂ. ಹಾಗಾಗಿ ಅವಳ ನಾಚಿಕೆಯಲ್ಲಿ ನಮಗೂ ಒಂದು ಪಾಲು ಬರುತ್ತದೆ.

ಅದೇ ಘಟನೆಯನ್ನು ಸರ್ವಜ್ಞ ನಿರೂಪಕ ಹೇಳಿದರೆ ಹೇಗಿರುತ್ತದೆ? “ಸೊಸೆಗೆ ಜ್ವರ ಎಂದು ತಿಳಿದಾಗಿನಿಂದ ಚಿಂತೆಯಲ್ಲಿ ಆಕೆಯ ಮುಖ ಗಂಟಿಕ್ಕಿತ್ತು. ಬಾಗಿಲು ತೆರೆದ ಶಾಂತಾ ಆ ಚಿಂತೆಯನ್ನು ಸಿಟ್ಟು ಎಂದುಕೊಂಡಳು.” ಈಗ ನಮಗೆ ಶಾಂತಾಳಿಗಿಂತ ಜಾಸ್ತಿ ಗೊತ್ತು. ಉಪ್ಪಿನಕಾಯಿ ಬಂದಾಗ ಆಶ್ಚರ್ಯ ಆಗುವುದಿಲ್ಲ. ಬದಲಿಗೆ, ಅಯ್ಯೋ ಇವಳಿಗೆ ಬೇಗ ಅರ್ಥವಾಗಬಾರದೇ ಎಂದು ಕಾಯುತ್ತೇವೆ. ಅದೂ ಒಳ್ಳೆಯ ಕಥೆಯೇ. ಆದರೆ ನಾಚಿಕೆ ಅವಳೊಬ್ಬಳದೇ ಆಗುತ್ತದೆ, ನಾವು ಪಕ್ಕದಲ್ಲಿ ನಿಂತು ನೋಡುತ್ತೇವೆ.

ಪಾತ್ರದ ಅಭಿಪ್ರಾಯವನ್ನು ಲೇಖಕರ ಅಭಿಪ್ರಾಯ ಎಂದುಕೊಂಡರೆ ಎಲ್ಲಿಗೆ ಮುಟ್ಟುತ್ತದೆ ಎಂಬುದಕ್ಕೆ ಹಳೆಯ ಉದಾಹರಣೆ ಇದೆ. 1857ರಲ್ಲಿ ಗುಸ್ತಾವ್ ಫ್ಲೋಬೇರ್ ‘ಮದಾಂ ಬೊವಾರಿ’ ಕಾದಂಬರಿಗಾಗಿ ಪ್ಯಾರಿಸ್ಸಿನ ನ್ಯಾಯಾಲಯದಲ್ಲಿ ನಿಲ್ಲಬೇಕಾಯಿತು. ಗಂಡನಿಗೆ ಮೋಸ ಮಾಡುವ ಎಮ್ಮಾಳ ಸಂಭ್ರಮವನ್ನು ಅವರು ಅವಳ ಒಳಗಿನಿಂದಲೇ ಬರೆದಿದ್ದರು. ಪುಸ್ತಕದೊಳಗೆ ಅವಳನ್ನು ಖಂಡಿಸುವವರು ಒಬ್ಬರೂ ಇಲ್ಲ ಎಂಬುದು ಸರ್ಕಾರಿ ವಕೀಲರ ದೂರುಗಳಲ್ಲೊಂದು. ಫ್ಲೋಬೇರ್ ಕೊನೆಗೆ ಖುಲಾಸೆಯಾದರು. ನಿಮ್ಮ ಗದ್ಯದಲ್ಲೂ “ಹದಿನೈದು ದಿನ ಇರಲಿಲ್ಲವೇ!” ಎಂಬುದನ್ನು ಲೇಖಕರ ಮಾತು ಎಂದುಕೊಂಡರೆ ಈ ಕಥೆ ಅತ್ತೆಯಂದಿರನ್ನು ಹೀಗಳೆಯುತ್ತದೆ ಎಂದು ಬರೆದುಬಿಡುತ್ತೇವೆ. ಆ ಮಾತು ಬೆಳಗಿನಿಂದ ಜ್ವರದಲ್ಲಿ ಬೇಯುತ್ತಿರುವ ಒಬ್ಬ ಸೊಸೆಯದು, ಅದೂ ಆ ಒಂದು ಕ್ಷಣದ್ದು.

ನಾನು ಉತ್ತರ ಬರೆಯಬೇಕಾಗಿದ್ದರೆ ಹೀಗೆ ಬರೆಯುತ್ತಿದ್ದೆ: “ಈ ಭಾಗದಲ್ಲಿ ಹೊರಗಿನ ನಿರೂಪಕನು ಶಾಂತಾಳ ಕಣ್ಣಿನಿಂದ ನೋಡುತ್ತಾನೆ. ಅವಳ ಮನಸ್ಸನ್ನು ‘ಅನಿಸಿತು’ ಎಂದು ಖಚಿತವಾಗಿ ಹೇಳುತ್ತಾನೆ, ಅತ್ತೆಯದನ್ನು ‘ಇರಬೇಕು’ ಎಂದು ಊಹಿಸುತ್ತಾನೆ. ಇದರಿಂದ ಶಾಂತಾಳ ತಪ್ಪು ಊಹೆಯನ್ನು ಓದುಗರೂ ನಂಬುತ್ತಾರೆ. ಕೊನೆಯ ಮಾತು ಇಬ್ಬರನ್ನೂ ಒಟ್ಟಿಗೇ ತಿದ್ದುತ್ತದೆ.” ಇಷ್ಟು ಸಾಕು.

ಮಗಳ ಇನ್ನೊಂದು ಪ್ರಶ್ನೆ ನನಗೆ ತುಂಬ ಹಿಡಿಸಿತು. ಅತ್ತೆಗೆ ಜ್ವರದ ವಿಷಯ ಯಾರು ಹೇಳಿದರೋ ಗದ್ಯದಲ್ಲಿಲ್ಲ. ಮಗ ಫೋನ್ ಮಾಡಿರಬಹುದು, ಪಕ್ಕದ ಮನೆಯವರು ಹೇಳಿರಬಹುದು, ಬಾಗಿಲಲ್ಲಿ ಸೊಸೆಯ ಮುಖ ನೋಡಿಯೇ ತಿಳಿದುಕೊಂಡಿರಲೂಬಹುದು. ಆದರೆ ಆ ಡಬ್ಬಿ ಊರಿನಿಂದಲೇ ಬಂದಿದೆ, ಅದಕ್ಕೇ ನಾನು ಫೋನಿನ ಕಡೆ ವಾಲುತ್ತೇನೆ. ನೋಡಿ, ನಾನೂ ‘ಇರಬಹುದು’ ಎನ್ನುತ್ತಿದ್ದೇನೆ. ಡಬ್ಬಿ ಮೇಜಿನ ಮೇಲೆ ಕೂತ ಆ ಹೊತ್ತಿನಲ್ಲಿ ಶಾಂತಾಳಿಗೂ ಅದು ಗೊತ್ತಿಲ್ಲ.