ಶನಿವಾರಸಂತೆಯಿಂದ ಸೋಮವಾರಪೇಟೆಗೆ ನೂರು ದಿನ

*“ಕಳೆದ ಶನಿವಾರ ಮೊಮ್ಮಗಳು, ‘ಇವತ್ತಿಗೆ ನೂರು ದಿನ ಕಳೆದರೆ ಯಾವ ವಾರ?’ ಎಂದು ಕೇಳಿದಳು. ನಾನು ಗೋಡೆಯ ಕ್ಯಾಲೆಂಡರಿನ ಮೇಲೆ ಬೆರಳಿಟ್ಟು ಎಣಿಸಿ ಭಾನುವಾರ ಎಂದೆ. ಅವಳು ಏಳರಿಂದ ಭಾಗಿಸಿ ಸೋಮವಾರ ಎಂದಳು. ಮಗ ಕ್ಯಾಲ್ಕುಲೇಟರ್ ಒತ್ತಿದ, 14.28 ಬಂತು, ಸುಮ್ಮನಾದ. ಮೊಬೈಲ್ ನೋಡಿದರೆ ಮುಗಿಯುವುದಕ್ಕೆ ಈ ಭಾಗಾಕಾರ ಏಕೆ?”*
*– ಓದುಗರೊಬ್ಬರು, ಸೋಮವಾರಪೇಟೆ ತಾಲ್ಲೂಕು*

ಮೊಬೈಲ್ ಸರಿಯಾದ ಉತ್ತರವನ್ನೇ ಕೊಡುತ್ತದೆ, ಒಪ್ಪಿದೆ. ಅದರ ಮಾತು ಅಲ್ಲಿಗೆ ಸಾಕು. ನನಗೆ ಹೇಳಬೇಕಿರುವುದು ನಿಮ್ಮ ಮೊಮ್ಮಗಳ ಬಗ್ಗೆ, ಏಕೆಂದರೆ ಮನೆಯಲ್ಲಿ ಸರಿಯಾಗಿ ಲೆಕ್ಕ ಹಾಕಿದವಳು ಅವಳೊಬ್ಬಳೇ.

ನೂರರಲ್ಲಿ ಏಳೇಳು ದಿನದ ಹದಿನಾಲ್ಕು ವಾರಗಳಿವೆ, ಅಂದರೆ 98 ದಿನ. ಹದಿನಾಲ್ಕು ಸುತ್ತು ಸುತ್ತಿದ ಮೇಲೂ ನೀವು ನಿಂತಿರುವುದು ಹೊರಟ ಶನಿವಾರದಲ್ಲೇ. ಉಳಿದದ್ದು ಎರಡು ದಿನ. ಶನಿವಾರದಿಂದ ಎರಡು ಹೆಜ್ಜೆ ಇಟ್ಟರೆ ಸೋಮವಾರ. ನಮ್ಮ ಕೊಡಗು ಜಿಲ್ಲೆಯವರಿಗೆ ಇದನ್ನು ನೆನಪಿಡುವುದು ಕಷ್ಟವೇ ಅಲ್ಲ: ಶನಿವಾರಸಂತೆಯಲ್ಲಿ ಹೊರಟವನು ನೂರು ದಿನಕ್ಕೆ ಸೋಮವಾರಪೇಟೆಯಲ್ಲಿ ಇಳಿಯುತ್ತಾನೆ. ಹಿಂದಕ್ಕೆ ಹೋಗುವುದಾದರೆ ಎರಡು ದಿನ ಕಳೆಯಬೇಕು, ಗುರುವಾರ ಸಿಗುತ್ತದೆ.

ಇನ್ನು ನಿಮ್ಮ ಭಾನುವಾರ. ನೀವು ಎಣಿಸಲು ತೊಡಗಿದ ಶನಿವಾರದ ಮೇಲೆಯೇ ಬೆರಳಿಟ್ಟು ‘ಒಂದು’ ಎಂದಿರಬೇಕು. ಹಾಗೆ ಎಣಿಸಿದರೆ ನೂರು ಎಂದಾಗ ಕಳೆದಿರುವುದು ತೊಂಬತ್ತೊಂಬತ್ತೇ ದಿನ, ಶೇಷವೂ ಒಂದೇ. ತಪ್ಪು ನಿಮ್ಮೊಬ್ಬರದಲ್ಲ, ನಮ್ಮ ಮಾತಿನದು. ‘ಎಂಟು ದಿನ ಬಿಟ್ಟು ಬಾ’ ಎಂದರೆ ನಾವು ಬರುವುದು ಏಳು ದಿನ ಕಳೆದ ಮೇಲೆ, ಅದೇ ವಾರಕ್ಕೆ. ‘ಹದಿನೈದು ದಿನ’ ಎಂದರೆ ಎರಡು ವಾರ, ಅಂದರೆ ಹದಿನಾಲ್ಕು. ಹನ್ನೊಂದನೆಯ ದಿನದ ಕಾರ್ಯಕ್ಕೂ ಮೊದಲ ದಿನವನ್ನು ಸೇರಿಸಿಯೇ ಎಣಿಸುತ್ತೇವೆ. ಹಾಗಾಗಿ ‘ನೂರನೆಯ ದಿನ’ ಬೇರೆ, ‘ನೂರು ದಿನ ಕಳೆದ ಮೇಲೆ’ ಬೇರೆ. ಈ ಒಂದು ದಿನ ನನ್ನನ್ನೂ ಕೆಡವಿದೆ. ಒಮ್ಮೆ ನಮ್ಮದೇ ಪುರವಣಿಗೆ ಮೂರು ತಿಂಗಳು ಮುಂಚೆ ಕಾರ್ಯಕ್ರಮದ ದಿನ ಗೊತ್ತುಮಾಡಿ, ತಾರೀಕು ಸರಿಯಾಗಿ, ವಾರ ತಪ್ಪಾಗಿ ಅಚ್ಚುಹಾಕಿಸಿದೆ. ಅರ್ಧ ಜನ ತಾರೀಕು ನಂಬಿ ಬಂದರು, ಉಳಿದರ್ಧ ವಾರ ನಂಬಿ ಮರುದಿನ ಬಂದು ಖಾಲಿ ಕುರ್ಚಿ ನೋಡಿದರು.

ನಿಮ್ಮ ಮಗನ ಕಥೆ ಇದಕ್ಕಿಂತ ಅಪಾಯದ್ದು. 14.28 ನೋಡಿ ಸುಮ್ಮನಾದದ್ದು ಒಳ್ಳೆಯದೇ ಆಯಿತು. ಹಲವರು ಬಿಂದುವಿನ ಮುಂದಿನ 2 ನೋಡಿ ‘ಇದೇ ಶೇಷ’ ಎನ್ನುತ್ತಾರೆ. ನೂರಕ್ಕೆ ಅದು ಹೊಂದಿಕೊಂಡದ್ದು ಬರೀ ಅದೃಷ್ಟ. 45 ದಿನಕ್ಕೆ ಒತ್ತಿ ನೋಡಲಿ, 6.42 ಬರುತ್ತದೆ, ಆದರೆ ಶೇಷ ನಾಲ್ಕಲ್ಲ, ಮೂರು. ಆರು ವಾರಕ್ಕೆ 42, ಉಳಿದದ್ದು ಮೂರು. ಕ್ಯಾಲ್ಕುಲೇಟರ್ ಶೇಷವನ್ನು ಏಳರ ಪಾಲು ಮಾಡಿ ಬಚ್ಚಿಡುತ್ತದೆ. ಅದನ್ನು ಹೊರಗೆ ತೆಗೆಯಬೇಕಾದರೆ ಬಿಂದುವಿನ ಮುಂದಿನದನ್ನು ಮತ್ತೆ ಏಳರಿಂದ ಗುಣಿಸಬೇಕು.

ನಾವು ಓದುವಾಗ ಮೇಷ್ಟರು ಶೇಷಕ್ಕೆ ಸುತ್ತ ಗೆರೆ ಹಾಕಿಸುತ್ತಿದ್ದರು. ಈಗ ಮಕ್ಕಳು ಭಾಗಲಬ್ಧ ಬರೆದು ಕೈ ತೊಳೆದುಕೊಳ್ಳುತ್ತಾರೆ, ಇಲ್ಲವೇ ದಶಮಾಂಶಕ್ಕೆ ಜಾರುತ್ತಾರೆ. ವಾರದ ಲೆಕ್ಕದಲ್ಲಿ ಭಾಗಲಬ್ಧದಿಂದ ಕಾಸಿನ ಪ್ರಯೋಜನವಿಲ್ಲ, ಬೇಕಾದದ್ದು ಉಳಿದದ್ದೇ. ನಮ್ಮ ಪಂಚಾಂಗದ ಗಣಿತದವರು ಇದನ್ನು ಚೆನ್ನಾಗಿ ಬಲ್ಲವರು. ಕಲಿಯುಗದ ಮೊದಲ ದಿನದಿಂದ ಕಳೆದ ದಿನಗಳ ರಾಶಿಗೆ ಅಹರ್ಗಣ ಎನ್ನುತ್ತಾರೆ. ಅದನ್ನು ಏಳರಿಂದ ಭಾಗಿಸಿ, ಶೇಷವನ್ನು ಶುಕ್ರವಾರದಿಂದ ಎಣಿಸಿದರೆ ಆ ದಿನದ ವಾರ ಬರುತ್ತದೆ. ವಾರ ಹೊಂದದಿದ್ದರೆ ದಿನಗಳ ರಾಶಿಯಲ್ಲೇ ಒಂದು ಹೆಚ್ಚುಕಡಿಮೆ ಆಗಿದೆ ಎಂದು ತಿಳಿದು ತಿದ್ದಿಕೊಳ್ಳುತ್ತಿದ್ದರು. ಪುರವಣಿ ಅಚ್ಚಿಗೆ ಹೋಗುವ ಮುಂಚೆ ನಾನು ಮಾಡಬೇಕಿದ್ದದ್ದೂ ಇಷ್ಟೇ.

ತಾರೀಕೂ ಬೇಕೆಂದರೆ ತಿಂಗಳನ್ನು ಹಿಡಿದು ನಡೆಯಬೇಕು. ನಮ್ಮ ಕೈಲ್ ಪೊಳ್ದ್ ಹಬ್ಬ ಸೆಪ್ಟೆಂಬರ್ 3ಕ್ಕೆ. ಸೆಪ್ಟೆಂಬರಿನ 30, ಅಕ್ಟೋಬರಿನ 31, ನವೆಂಬರಿನ 30 ಸೇರಿ 91 ದಿನ, ಸರಿಯಾಗಿ ಹದಿಮೂರು ವಾರ. ಆದ್ದರಿಂದ ಯಾವ ವರ್ಷವಾದರೂ ಡಿಸೆಂಬರ್ 3 ಕೈಲ್ ಪೊಳ್ದಿನ ವಾರವೇ. ಇನ್ನೊಂಬತ್ತು ದಿನ ಹೋದರೆ ನೂರು, ಡಿಸೆಂಬರ್ 12. ಒಂಬತ್ತರಲ್ಲಿ ಏಳು ತೆಗೆದರೆ ಎರಡು. 2025ರಲ್ಲಿ ಹಬ್ಬ ಬುಧವಾರ ಬಂದಿತ್ತು, ಡಿಸೆಂಬರ್ 12 ಶುಕ್ರವಾರ.

ಮೊಮ್ಮಗಳಿಗೆ ನನ್ನ ಕಡೆಯಿಂದ ಇನ್ನೊಂದು ಲೆಕ್ಕ ಕೊಡಿ: ಅದೇ ಶನಿವಾರದಿಂದ ಸಾವಿರ ದಿನಕ್ಕೆ ಯಾವ ವಾರ? ಶೇಷ ಆರು ಬರುತ್ತದೆ. ಆರು ಹೆಜ್ಜೆ ಮುಂದೆ ಎಣಿಸುವ ಬದಲು ಒಂದು ಹೆಜ್ಜೆ ಹಿಂದಿಟ್ಟರೆ ಆಯಿತು ಎಂಬುದು ಅವಳಿಗೇ ಹೊಳೆದರೆ, ಆ ಶುಕ್ರವಾರ ಮಡಿಕೇರಿ ಸಂತೆಗೆ ಕರೆತನ್ನಿ, ಕಿತ್ತಳೆ ನನ್ನ ಲೆಕ್ಕದಲ್ಲಿ.

– ಸಂ.